ಸಗಟು ಬಿಲ್ಲಿನ ₹9,000 ಜಿಎಸ್‌ಟಿ "ವಾಪಸ್ ಬರುತ್ತದೆ" ಎಂದರು: ಎಲ್ಲಿಗೆ ಬರುತ್ತದೆ?

ಸ್ವಿಚ್‌ಬೋರ್ಡ್ · 16 ನವೆಂಬರ್ 2025, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ನನ್ನದು ಎಲೆಕ್ಟ್ರಿಕಲ್ ಸಾಮಾನಿನ ಸಣ್ಣ ಅಂಗಡಿ. ಕಳೆದ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ನೋಂದಣಿ ಮಾಡಿಸಿದೆ, ಪ್ರತಿ ತಿಂಗಳೂ ರಿಟರ್ನ್ ಸಲ್ಲಿಸುವ ಸಾಮಾನ್ಯ ಪದ್ಧತಿಯನ್ನೇ ಆರಿಸಿಕೊಂಡಿದ್ದೇನೆ. ಅಕ್ಟೋಬರ್ 18ರಂದು ಸಗಟು ವ್ಯಾಪಾರಿಯೊಬ್ಬರಿಂದ ವೈರು, ಸ್ವಿಚ್ಚು, ಎಂಸಿಬಿಗಳನ್ನು ತರಿಸಿದೆ. ಬಿಲ್ಲಿನಲ್ಲಿ ಮಾಲಿನ ಬೆಲೆ 50,000, ಸಿಜಿಎಸ್‌ಟಿ 4,500, ಎಸ್‌ಜಿಎಸ್‌ಟಿ 4,500, ಒಟ್ಟು 59,000 ರೂಪಾಯಿ. ಹಣ ಕೊಡುವಾಗ ನಾನು ಸ್ವಲ್ಪ ಹಿಂದೇಟು ಹಾಕಿದ್ದಕ್ಕೆ ಅವರು, "ಈ 9,000 ಇನ್‌ಪುಟ್ ಕ್ರೆಡಿಟ್ ಆಗಿ ನಿಮಗೇ ವಾಪಸ್ ಬರುತ್ತದೆ, ಯೋಚನೆ ಮಾಡಬೇಡಿ" ಎಂದರು.

ಅಷ್ಟೂ ಮಾಲು ಅದೇ ತಿಂಗಳು ಮನೆ ಕಟ್ಟಿಸುವ ಕಂಟ್ರಾಕ್ಟರ್ ಒಬ್ಬರಿಗೆ, ತೆರಿಗೆ ಸೇರಿ 64,900ಕ್ಕೆ ಹೋಯಿತು. ಬೇರೆ ಹೇಳಿಕೊಳ್ಳುವಂಥ ವ್ಯಾಪಾರವಿರಲಿಲ್ಲ. ಈಗ ನಮ್ಮ ಲೆಕ್ಕ ಬರೆಯುವವರು 20ನೇ ತಾರೀಖಿನೊಳಗೆ 9,900 ಕಟ್ಟಬೇಕು ಎನ್ನುತ್ತಿದ್ದಾರೆ. ಬ್ಯಾಂಕಿನ ಪಾಸ್‌ಬುಕ್ಕಿಗೆ ಇದುವರೆಗೆ ಒಂದು ರೂಪಾಯಿಯೂ ವಾಪಸ್ ಬಂದಿಲ್ಲ. 59,000 ಕೊಟ್ಟು ತಂದು 64,900ಕ್ಕೆ ಮಾರಿ, ಅದರ ಮೇಲೆ 9,900 ಕಟ್ಟಿದರೆ ನನಗೆ 4,000 ನಷ್ಟ. ಹಾಗಾದರೆ ಆ ಕ್ರೆಡಿಟ್ ಎಂದರೆ ಏನು?

ನಂಜುಂಡ_ತುಮಕೂರು · 7:58

ರಿಫಂಡ್ ಬರಲು ತಡವಾಗುತ್ತದೆ. ನನಗೂ ಕಳೆದ ವರ್ಷ ಐದು ತಿಂಗಳಾಯಿತು. ಬ್ಯಾಂಕ್ ಖಾತೆಯನ್ನು ಪ್ಯಾನ್‌ಗೆ ಜೋಡಿಸಿ, ಐಟಿಆರ್‌ನಲ್ಲಿ ಖಾತೆ ದೃಢೀಕರಣವಾಗಿದೆಯೇ ನೋಡಿಕೊಳ್ಳಿ.

ಹಳೇ ಖಾತೆಪುಸ್ತಕ · 8:15

ನಂಜುಂಡ ಅವರೇ, ನೀವು ಹೇಳುತ್ತಿರುವುದು ಆದಾಯ ತೆರಿಗೆಯ ವಿಷಯ. ಇಲ್ಲಿ ಅದರ ಮಾತೇ ಇಲ್ಲ.

ಸ್ವಿಚ್‌ಬೋರ್ಡ್ ಅವರೇ, "ವಾಪಸ್ ಬರುತ್ತದೆ" ಎಂಬ ಮಾತೇ ನಿಮ್ಮನ್ನು ದಾರಿ ತಪ್ಪಿಸಿದೆ. ಈ ಹಣ ಬ್ಯಾಂಕಿಗೆ ಬರುವುದಿಲ್ಲ. ನೀವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಅದು ಮುರಿದುಕೊಳ್ಳುತ್ತದೆ, ಅಷ್ಟೇ. ಕಂಟ್ರಾಕ್ಟರ್ ನಿಮಗೆ ಕೊಟ್ಟ 64,900ರಲ್ಲಿ 55,000 ನಿಮ್ಮ ಮಾಲಿನ ಬೆಲೆ, ಉಳಿದ 9,900 ನೀವು ಸರ್ಕಾರದ ಪರವಾಗಿ ವಸೂಲು ಮಾಡಿದ ತೆರಿಗೆ. ಅದು ಒಂದು ದಿನವೂ ನಿಮ್ಮ ಹಣವಾಗಿರಲಿಲ್ಲ. ಆದರೆ ಅದೇ ಮಾಲಿನ ಮೇಲೆ ನೀವು ಸಗಟು ವ್ಯಾಪಾರಿಯ ಕೈಗೆ ಆಗಲೇ 9,000 ತೆರಿಗೆ ಕೊಟ್ಟಿದ್ದೀರಿ, ಆದ್ದರಿಂದ ನೀವು ಚಲನ್ ಮೂಲಕ ಕಟ್ಟಬೇಕಾದದ್ದು ಉಳಿದ 900 ಮಾತ್ರ: ಸಿಜಿಎಸ್‌ಟಿ 450, ಎಸ್‌ಜಿಎಸ್‌ಟಿ 450.

ಈಗ ಲೆಕ್ಕ ಹಾಕಿ. ಬಂದದ್ದು 64,900, ಹೋದದ್ದು 59,000 ಮತ್ತು 900. ಉಳಿದದ್ದು 5,000. ಮಾಲಿನ ನಿಜವಾದ ಅಸಲು 50,000 ಎಂದು ಹಿಡಿದು 55,000ಕ್ಕೆ ಮಾರಿದರೂ ಉಳಿಯುವುದು ಅದೇ 5,000. ನಿಮ್ಮ 4,000 ನಷ್ಟಕ್ಕೂ ಈ 5,000 ಲಾಭಕ್ಕೂ ನಡುವಿನ ಅಂತರ ಸರಿಯಾಗಿ 9,000.

ಹಾಗಿದ್ದೂ ನಿಮ್ಮ ಲೆಕ್ಕದವರು ಪೂರ್ತಿ 9,900 ಕಟ್ಟಲು ಹೇಳುತ್ತಿದ್ದಾರೆ ಎಂದರೆ ಅವರಿಗೆ ಆ ಕ್ರೆಡಿಟ್ ಕಾಣಿಸುತ್ತಿಲ್ಲ ಎಂದು ಅರ್ಥ. ಪೋರ್ಟಲ್‌ನಲ್ಲಿ ಅಕ್ಟೋಬರ್ ತಿಂಗಳ GSTR-2B, ಅಂದರೆ ನಿಮಗೆ ಸಿಗುವ ಕ್ರೆಡಿಟ್‌ಗಳ ಪಟ್ಟಿ, ತೆರೆದು, ಆ ಬಿಲ್ಲು ಅಲ್ಲಿದೆಯೇ ನೋಡಿ ಹೇಳಿ.

ಸ್ವಿಚ್‌ಬೋರ್ಡ್ · 9:30

ಈಗ ಅರ್ಥವಾಯಿತು ಸರ್. ಜೊತೆಗೆ ಒಂದು ತಪ್ಪೂ ನೆನಪಾಯಿತು. ಕಳೆದ ತಿಂಗಳು ಇನ್ನೊಬ್ಬ ಗಿರಾಕಿಗೆ ಇದೇ ಮಾಲಿನ ದರ ಕೊಡುವಾಗ 59,000ವನ್ನೇ ಅಸಲು ಎಂದು ಹಿಡಿದು, ಅದರ ಮೇಲೆ ಶೇಕಡ 10 ಲಾಭ ಸೇರಿಸಿ, ಆಮೇಲೆ ಮತ್ತೆ ಶೇಕಡ 18 ತೆರಿಗೆ ಹಾಕಿ 76,582 ಎಂದು ಬರೆದುಕೊಟ್ಟಿದ್ದೆ. ಅವರು ಆ ಚೀಟಿಯನ್ನು ನೋಡಿ ನಕ್ಕು ಎದುರು ಅಂಗಡಿಗೆ ಹೋದರು. ಯಾಕೆಂದು ಆಗ ತಿಳಿದಿರಲಿಲ್ಲ.

2Bಯನ್ನು ನಾನು ಇದುವರೆಗೆ ನೋಡಿಯೇ ಇಲ್ಲ. ಬಿಲ್ಲು ಕೈಯಲ್ಲೇ ಇದೆಯಲ್ಲ, ಅದು ಸಾಲದೇ?

ಲಕ್ಷ್ಮೀ ಟ್ರೇಡರ್ಸ್ ಮಗ · 9:41

ಬಿಲ್ಲು ಇದ್ದರೆ ಸಾಕು. ನಮ್ಮ ತಂದೆಯವರ ಕಾಲದಿಂದ ಬಿಲ್ಲು ನೋಡಿಯೇ ಕ್ರೆಡಿಟ್ ತೆಗೆದುಕೊಳ್ಳುತ್ತಿದ್ದೇವೆ. 2Bಯಲ್ಲಿ ಒಂದೆರಡು ಬಿಲ್ಲು ಕಾಣದಿದ್ದರೂ ಶೇಕಡ 5ರಷ್ಟು ಹೆಚ್ಚಿಗೆ ತೆಗೆದುಕೊಳ್ಳಲು ಕಾನೂನೇ ಅವಕಾಶ ಕೊಟ್ಟಿದೆ. ಸುಮ್ಮನೆ ಹೆದರಿಸಬೇಡಿ.

ಹಳೇ ಖಾತೆಪುಸ್ತಕ · 10:05

ಹಾಗೊಂದು ಅವಕಾಶ ಇತ್ತು, ಈಗ ಇಲ್ಲ. ಮೊದಲು ಶೇಕಡ 20 ಇತ್ತು, 2020ರ ಜನವರಿಯಿಂದ 10, 2021ರ ಜನವರಿಯಿಂದ 5 ಆಯಿತು, 2022ರ ಜನವರಿ 1ರಿಂದ ಅದೂ ಹೋಯಿತು. ಈಗ ಮಾರಿದವರು ತಮ್ಮ ಮಾರಾಟದ ರಿಟರ್ನ್ ಆದ GSTR-1ರಲ್ಲಿ ಆ ಬಿಲ್ಲನ್ನು ನಿಮ್ಮ ಜಿಎಸ್‌ಟಿ ನಂಬರಿನ ಮೇಲೆ ತೋರಿಸಿ, ಅದು ನಿಮ್ಮ 2Bಗೆ ಇಳಿದರೆ ಮಾತ್ರ ಕ್ರೆಡಿಟ್ ತೆಗೆದುಕೊಳ್ಳಬಹುದು. ಬಿಲ್ಲೂ ಬೇಕು, ಮಾಲು ಕೈಸೇರಿರಲೂ ಬೇಕು. ಆದರೆ ಅವೆರಡು ಇದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕಾಗದದ ಮೇಲೆ ಅಚ್ಚಾಗಿರುವ 4,500 ಮತ್ತು 4,500 ಸದ್ಯಕ್ಕೆ ಮಾರಿದವರ ಮಾತು ಮಾತ್ರ. ಅವರು ಆ ಮಾತನ್ನು ಸರ್ಕಾರದ ಮುಂದೆಯೂ ಹೇಳಿದ್ದಾರೆಯೇ ಎಂಬುದನ್ನು 2B ತೋರಿಸುತ್ತದೆ.

ಲಕ್ಷ್ಮೀ ಟ್ರೇಡರ್ಸ್ ಮಗ · 10:12

ನಮಗೆ ಇದುವರೆಗೆ ಯಾವ ನೋಟಿಸೂ ಬಂದಿಲ್ಲ.

ಹಳೇ ಖಾತೆಪುಸ್ತಕ · 10:14

ಬಂದಾಗ, ಆ ಕ್ರೆಡಿಟ್ ಬಳಸಿಕೊಂಡಿದ್ದರೆ ವರ್ಷಕ್ಕೆ ಶೇಕಡ 18 ಬಡ್ಡಿ ಸೇರಿಸಿ ಹಿಂದಿರುಗಿಸಬೇಕಾಗುತ್ತದೆ.

ಸ್ವಿಚ್‌ಬೋರ್ಡ್ · ಮಧ್ಯಾಹ್ನ 1:20

ಮಗಳ ಸಹಾಯದಿಂದ 2B ತೆರೆದೆ. ಆ ಸಗಟು ವ್ಯಾಪಾರಿಯ ಹೆಸರೇ ಅಲ್ಲಿಲ್ಲ. ಅಕ್ಟೋಬರ್‌ನಲ್ಲಿ ಬೇರೊಬ್ಬರಿಂದ ತಂದ ಹೋಲ್ಡರ್, ಟೇಪುಗಳ ಬಿಲ್ಲು ಸಹ ಇಲ್ಲ. ಅದು ಚಿಕ್ಕದು, 2,000ಕ್ಕೆ 360 ತೆರಿಗೆ. ಹಾಗಾದರೆ ಇವರಿಬ್ಬರೂ ನನ್ನಿಂದ ತೆರಿಗೆ ತೆಗೆದುಕೊಂಡು ಸರ್ಕಾರಕ್ಕೆ ಕಟ್ಟದೆ ನುಂಗಿದರೇ?

ಮಂಡಿಪೇಟೆ ಸಗಟು · 1:45

ನುಂಗಿದರು ಎಂದು ಇಷ್ಟು ಬೇಗ ಹೇಳಬೇಡಿ. ನಾನೂ ಸಗಟು ವ್ಯಾಪಾರಿಯೇ, ಹಾಗಾಗಿ ನಮ್ಮ ಕಡೆಯ ಕಷ್ಟವನ್ನೂ ಸ್ವಲ್ಪ ಕೇಳಿ. ಗಿರಾಕಿ ಬರುತ್ತಾರೆ, ಅವಸರದಲ್ಲಿ "ನನ್ನ ಹೆಸರಿಗೆ ಬಿಲ್ಲು ಹಾಕಿ" ಎನ್ನುತ್ತಾರೆ, ಜಿಎಸ್‌ಟಿ ನಂಬರ್ ಕೇಳಿದರೆ "ಆಮೇಲೆ ವಾಟ್ಸಾಪ್ ಮಾಡುತ್ತೇನೆ" ಎನ್ನುತ್ತಾರೆ, ಎರಡು ತಿಂಗಳಾದ ಮೇಲೆ ಕ್ರೆಡಿಟ್ ಬಂದಿಲ್ಲವೆಂದು ಜಗಳಕ್ಕೆ ನಿಲ್ಲುತ್ತಾರೆ. ನಿಮ್ಮ ಬಿಲ್ಲನ್ನು ಎದುರಿಗಿಟ್ಟುಕೊಂಡು ನೋಡಿ. ಎಡಗಡೆ ಮೇಲ್ಭಾಗದಲ್ಲಿ ನಿಮ್ಮ ಅಂಗಡಿಯ ಹೆಸರು, ವಿಳಾಸ ಇರುವ ಚೌಕದಲ್ಲಿ, ಕರ್ನಾಟಕದ 29ರಿಂದ ಶುರುವಾಗುವ 15 ಅಕ್ಷರಗಳ ನಿಮ್ಮ ನಂಬರ್ ಇದೆಯೇ? ಬಿಲ್ಲಿನ ತಲೆಯ ಮೇಲೆ ದೊಡ್ಡದಾಗಿ ಇರುವುದು ಅವರದ್ದು, ಅದನ್ನು ನೋಡಿ ಇದೆ ಎನ್ನಬೇಡಿ.

ಸ್ವಿಚ್‌ಬೋರ್ಡ್ · 2:10

ಸರ್, ನೀವು ಹೇಳಿದಂತೆಯೇ ಆಗಿದೆ. ತಲೆಯ ಮೇಲೆ ಅವರ ನಂಬರ್ ಇದೆ. ನನ್ನ ಅಂಗಡಿಯ ಹೆಸರಿನ ಕೆಳಗೆ "GSTIN/UIN :" ಎಂದು ಇದೆ, ಮುಂದೆ ಖಾಲಿ. ನಾನು ನೋಂದಣಿಗೆ ಮುಂಚೆ ಎರಡು ವರ್ಷದಿಂದ ಅವರಲ್ಲೇ ತರಿಸುತ್ತಿದ್ದೆ. ನೋಂದಣಿಯಾದದ್ದನ್ನು ಫೋನಿನಲ್ಲಿ ಹೇಳಿದ್ದೆನೇ ಹೊರತು ನಂಬರ್ ಕಳುಹಿಸಿದ ನೆನಪಿಲ್ಲ. ಚಿಕ್ಕ ಬಿಲ್ಲಿನಲ್ಲಿ ಮಾತ್ರ ನಂಬರ್ ಸರಿಯಾಗಿ ಇದೆ.

ಮಂಡಿಪೇಟೆ ಸಗಟು · 2:25

ಅಲ್ಲಿಗೆ ಕಾರಣ ಸಿಕ್ಕಿತು. ಅವರ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ನಿಮ್ಮ ಹಳೆಯ ಲೆಡ್ಜರ್ ಇನ್ನೂ ನೋಂದಣಿಯಿಲ್ಲದ ಗಿರಾಕಿ ಎಂದೇ ಉಳಿದಿದೆ. ಹಾಗಾಗಿ ಆ ಬಿಲ್ಲು ಅವರ GSTR-1ರಲ್ಲಿ B2Cಗೆ, ಅಂದರೆ ಹೆಸರಿಲ್ಲದ ಬಿಡಿ ಗಿರಾಕಿಗಳ ಒಟ್ಟು ಮೊತ್ತಕ್ಕೆ ಸೇರಿಕೊಂಡಿದೆ. ತೆರಿಗೆಯನ್ನು ಅವರು ಕಟ್ಟಿರಲೂಬಹುದು. ಆದರೆ ಯಾರ ಪರವಾಗಿ ಎಂಬುದು ಅಲ್ಲಿ ದಾಖಲಾಗಿಲ್ಲ, ಆದ್ದರಿಂದ ಯಾರಿಗೂ ಕ್ರೆಡಿಟ್ ಇಲ್ಲ.

ಕಾಫಿ ಪುಡಿ · 2:40

ನಾನು ಕಾಂಪೋಸಿಷನ್‌ನಲ್ಲಿ ಇದ್ದೇನೆ. ಮಾರಾಟದ ಮೇಲೆ ಶೇಕಡ 1 ಕಟ್ಟುತ್ತೇನೆ, ಈ 2B, 3B ಗೋಳು ಒಂದೂ ಇಲ್ಲ. ನೀವೂ ಅದಕ್ಕೇ ಬನ್ನಿ ಎಂದು ನನ್ನ ಸಲಹೆ. ಒಂದೇ ಒಂದು ಬೇಸರವೆಂದರೆ, ನನಗೆ ಕ್ರೆಡಿಟ್ ಇಲ್ಲ ಎಂದು ಗೊತ್ತಿದ್ದರೂ ಸಗಟಿನವರು ನನ್ನಿಂದ ಪೂರ್ತಿ ತೆರಿಗೆ ತೆಗೆದುಕೊಳ್ಳುತ್ತಾರೆ. ಇದು ಯಾವ ನ್ಯಾಯ?

ಹಳೇ ಖಾತೆಪುಸ್ತಕ · 3:15

ಅವರು ಯಾರಿಗೆ ಮಾರಿದರೂ ತೆರಿಗೆ ಹಾಕಲೇಬೇಕು ಮೇಡಂ. ನಿಮಗೆ ಅದು ಮಾಲಿನ ಅಸಲಿನಲ್ಲೇ ಕರಗಿಹೋಗುತ್ತದೆ.

ಆದರೆ ನಿಮ್ಮ ಸಲಹೆಯನ್ನು ಇದೇ ಅಂಕಿಗಳಿಗೆ ಹಚ್ಚಿ ನೋಡಿದರೆ ಸ್ವಾರಸ್ಯವಾಗಿದೆ. ಸ್ವಿಚ್‌ಬೋರ್ಡ್ ಕಾಂಪೋಸಿಷನ್‌ನಲ್ಲಿದ್ದು ಇದೇ ಮಾಲನ್ನು 64,900ಕ್ಕೆ ಮಾರಿದ್ದರೆ, ಅಸಲು 59,000, ಶೇಕಡ 1ರ ಲೆಕ್ಕದಲ್ಲಿ ತೆರಿಗೆ 649, ಉಳಿಯುವುದು 5,251. ಸಾಮಾನ್ಯ ಪದ್ಧತಿಗಿಂತ 251 ಹೆಚ್ಚು! ಮನೆ ಬಳಕೆಗೆ ಕೊಳ್ಳುವ ಗಿರಾಕಿಗಳೇ ಇದ್ದರೆ ಮೇಡಂ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಇಲ್ಲಿ ಕೊಂಡವರು ಕಂಟ್ರಾಕ್ಟರ್. ಅವರಿಗೆ ಸ್ವಿಚ್‌ಬೋರ್ಡ್ ಅವರ ಬಿಲ್ಲಿನಿಂದ 9,900 ಕ್ರೆಡಿಟ್ ಸಿಗುವುದಾದರೆ ಮಾಲು ನಿಜವಾಗಿ ಬೀಳುವುದು 55,000ಕ್ಕೆ. ಕಾಂಪೋಸಿಷನ್‌ನವರು ಬಿಲ್ಲಿನಲ್ಲಿ ತೆರಿಗೆ ತೋರಿಸುವಂತಿಲ್ಲ, ಹಾಗಾಗಿ ಅವರಿಂದ ಕೊಂಡರೆ ಪೂರ್ತಿ 64,900 ಕಂಟ್ರಾಕ್ಟರನ ಮೇಲೆಯೇ ಬೀಳುತ್ತದೆ. ಆತ ಎರಡನೇ ಸಲ ಆ ಅಂಗಡಿಗೆ ಬರುವುದಿಲ್ಲ.

ಕಾಫಿ ಪುಡಿ · 3:22

ನನ್ನ ಗಿರಾಕಿಗಳೆಲ್ಲ ಮನೆಯವರೇ. ನಾನು ಗೆದ್ದೆ.

ಸ್ವಿಚ್‌ಬೋರ್ಡ್ · 3:50

ನನ್ನ ವ್ಯಾಪಾರದಲ್ಲಿ ಮುಕ್ಕಾಲು ಪಾಲು ಕಂಟ್ರಾಕ್ಟರ್‌ಗಳೇ, ಅವರೇ ನೋಂದಣಿ ಮಾಡಿಸಿ ಎಂದು ಗಂಟುಬಿದ್ದದ್ದು. ಕಾಂಪೋಸಿಷನ್ ಯೋಚನೆ ಬಿಟ್ಟೆ. ಈಗ ನನ್ನ ಮುಂದಿರುವ ಪ್ರಶ್ನೆ ಎಂದರೆ, 20ನೇ ತಾರೀಖಿಗೆ ಏನು ಮಾಡಲಿ? ಸಗಟಿನವರು ಸರಿಪಡಿಸುವವರೆಗೆ ರಿಟರ್ನ್ ಸಲ್ಲಿಸದೆ ತಡೆದು, ಆಮೇಲೆ 900 ಕಟ್ಟಿದರೆ ಆಗದೇ?

ಹಳೇ ಖಾತೆಪುಸ್ತಕ · 4:30

ಆಗದು, ಏಕೆಂದರೆ ತಡೆದರೂ ಅಕ್ಟೋಬರ್ ಲೆಕ್ಕ ಬದಲಾಗುವುದಿಲ್ಲ. ಅವರು ಈ ಬಿಲ್ಲನ್ನು ಇನ್ನು ಸರಿಯಾಗಿ ತೋರಿಸುವುದು ನವೆಂಬರ್ ತಿಂಗಳ GSTR-1ರಲ್ಲಿ. ಅದನ್ನು ಅವರು ಡಿಸೆಂಬರ್ 11ರೊಳಗೆ ಸಲ್ಲಿಸಬೇಕು. ಅದು ನಿಮ್ಮ 2Bಯಲ್ಲಿ ಕಾಣುವುದು ಡಿಸೆಂಬರ್ 14ಕ್ಕೆ. ನೀವು ಅದನ್ನು ಬಳಸುವುದು ಡಿಸೆಂಬರ್ 20ರೊಳಗೆ ಸಲ್ಲಿಸುವ ನವೆಂಬರ್ ತಿಂಗಳ GSTR-3Bಯಲ್ಲಿ, ಅಂದರೆ ತೆರಿಗೆ ಕಟ್ಟುವ ರಿಟರ್ನ್‌ನಲ್ಲಿ. ಅಕ್ಟೋಬರ್‌ನದು ಏನಿದ್ದರೂ 9,900ವೇ. ತಡೆದರೆ ದಿನಕ್ಕೆ 50 ರೂಪಾಯಿ ತಡಶುಲ್ಕ, ಜೊತೆಗೆ ವರ್ಷಕ್ಕೆ ಶೇಕಡ 18ರ ಬಡ್ಡಿ. ನಿಮ್ಮ ಮೊತ್ತಕ್ಕೆ ಬಡ್ಡಿ ದಿನಕ್ಕೆ ಐದು ರೂಪಾಯಿಯೂ ಆಗುವುದಿಲ್ಲ, ಸುಡುವುದು ತಡಶುಲ್ಕವೇ.

ಆದ್ದರಿಂದ ಈ ತಿಂಗಳು 9,900 ಕಟ್ಟಿ ರಿಟರ್ನ್ ಸಲ್ಲಿಸಿಬಿಡಿ. ಆ 9,000 ಕಳೆದುಹೋಗುವುದಿಲ್ಲ, ಒಂದು ತಿಂಗಳು ತಡವಾಗುತ್ತದೆ. ಮುಂದಿನ ತಿಂಗಳು ಕ್ರೆಡಿಟ್ ಲೆಡ್ಜರಿಗೆ ಬಂದಾಗ ನಿಮ್ಮ ತೆರಿಗೆ 9,000ಕ್ಕಿಂತ ಕಡಿಮೆ ಇದ್ದರೆ, ಮಿಕ್ಕದ್ದು ಅಲ್ಲೇ ಉಳಿದು ಅದರ ಮುಂದಿನ ತಿಂಗಳಿಗೆ ಸಾಗುತ್ತದೆ. ಒಂದು ಮಾತ್ರ ಗಮನದಲ್ಲಿರಲಿ: ಸಿಜಿಎಸ್‌ಟಿಯ ಕ್ರೆಡಿಟ್ಟಿನಿಂದ ಎಸ್‌ಜಿಎಸ್‌ಟಿ ಕಟ್ಟಲಾಗದು, ಎಸ್‌ಜಿಎಸ್‌ಟಿಯಿಂದ ಸಿಜಿಎಸ್‌ಟಿಯನ್ನೂ ಕಟ್ಟಲಾಗದು.

ಸಗಟಿನವರಿಂದ ಎರಡು ಕೆಲಸ ಆಗಬೇಕು. ನಿಮ್ಮ ನಂಬರ್ ಹಾಕಿದ ತಿದ್ದಿದ ಬಿಲ್ಲು ಕೊಡಬೇಕು. ತಮ್ಮ ರಿಟರ್ನ್‌ನಲ್ಲಿ ಅದನ್ನು B2C ಮೊತ್ತದಿಂದ ತೆಗೆದು B2Bಗೆ, ಅಂದರೆ ನೋಂದಣಿಯಾದ ಗಿರಾಕಿಗಳ ಪಟ್ಟಿಗೆ ಸೇರಿಸಬೇಕು. ಅವರಿಗೆ ಇದರಿಂದ ಹೆಚ್ಚುವರಿ ತೆರಿಗೆ ಏನೂ ಬೀಳುವುದಿಲ್ಲ. ಆದ್ದರಿಂದ ಹಿಂಜರಿದರೆ ಬಿಡಬೇಡಿ.

ಮಂಡಿಪೇಟೆ ಸಗಟು · 4:42

ಬಿಲ್ಲನ್ನು ಮಾತ್ರ ತಿದ್ದಿಸಿಕೊಂಡು ಖುಷಿಯಾಗಿ ಮನೆಗೆ ಹೋಗುವವರೇ ಹೆಚ್ಚು. ಬಿಲ್ಲು ತಿದ್ದಲು ಎರಡು ನಿಮಿಷ ಸಾಕು, ರಿಟರ್ನ್ ತಿದ್ದುವುದನ್ನು ನಮ್ಮ ಗುಮಾಸ್ತರು ಮರೆಯುತ್ತಾರೆ. ಡಿಸೆಂಬರ್ ಮೊದಲ ವಾರದಲ್ಲಿ ಇನ್ನೊಮ್ಮೆ ಫೋನ್ ಮಾಡಿ.

ಎರಡನೇ ಗೇರ್ · 5:05

ಇದೇ ಸಂದರ್ಭದಲ್ಲಿ ನನ್ನದೂ ಒಂದು. ಅಂಗಡಿಯ ಹೆಸರಿಗೆ ಕಾರು ತೆಗೆದುಕೊಂಡೆ, ಬಿಲ್ಲಿನಲ್ಲಿ ನನ್ನ ನಂಬರ್ ಇದೆ, 2Bಯಲ್ಲೂ ಬಂದಿದೆ. ಷೋರೂಮಿನವರು ಪೂರ್ತಿ ಕ್ರೆಡಿಟ್ ಸಿಗುತ್ತದೆ ಎಂದಿದ್ದರು. ಆದರೆ ಲೆಕ್ಕದವರು ತೆಗೆದುಕೊಳ್ಳಲು ಬಿಡುತ್ತಿಲ್ಲ.

ಹಳೇ ಖಾತೆಪುಸ್ತಕ · 5:20

ನಿಮ್ಮ ಲೆಕ್ಕದವರಿಗೆ ಕಾಫಿ ಕೊಡಿಸಿ. 2Bಯಲ್ಲಿ ಬಂದದ್ದೆಲ್ಲ ನಮ್ಮದಾಗುವುದಿಲ್ಲ. ಜನ ಓಡಾಡುವ ಕಾರಿಗೆ, ನೀವು ಕಾರು ಮಾರುವವರೋ ಬಾಡಿಗೆಗೆ ಓಡಿಸುವವರೋ ಆಗಿರದ ಹೊರತು, ಕಾನೂನು ಕ್ರೆಡಿಟ್ ತಡೆದಿದೆ. ಮಾಲು ಸಾಗಿಸುವ ಟೆಂಪೋ ತೆಗೆದುಕೊಂಡಿದ್ದರೆ ಸಿಗುತ್ತಿತ್ತು. ಹಾಗೆಯೇ ಕಳುವಾದ ಅಥವಾ ಸುಟ್ಟುಹೋದ ಮಾಲಿನ ಮೇಲೆ, ಪುಕ್ಕಟೆ ಕೊಟ್ಟ ಉಡುಗೊರೆಯ ಮೇಲೆ ತೆಗೆದುಕೊಂಡ ಕ್ರೆಡಿಟ್ಟನ್ನೂ ಹಿಂದಿರುಗಿಸಬೇಕು.

ಎರಡನೇ ಗೇರ್ · 5:24

ಕಾಫಿ ಅವರೇ ಕೊಡಿಸಬೇಕು, ನನ್ನ ಲೆಕ್ಕವೇ ತಲೆಕೆಳಗಾಯಿತು.

ಸ್ವಿಚ್‌ಬೋರ್ಡ್ · 17 ನವೆಂಬರ್, ರಾತ್ರಿ 9:10

ಸಗಟಿನವರು ತಪ್ಪು ಒಪ್ಪಿಕೊಂಡು, ತಿದ್ದಿದ ಬಿಲ್ಲು ಕಳುಹಿಸಿದ್ದಾರೆ. ಈ ಸಲ ಚೌಕದಲ್ಲಿ ನನ್ನ ನಂಬರ್ ಇದೆ, ಒಂದೊಂದೇ ಅಕ್ಷರ ನೋಂದಣಿ ಪತ್ರದ ಜೊತೆ ಹೋಲಿಸಿ ನೋಡಿದೆ. 9,900 ಕಟ್ಟಿದ್ದೂ ಆಯಿತು. ಅದಕ್ಕಾಗಿ ಮುಂದಿನ ವಾರದ ಮಾಲು ತರಿಸುವುದನ್ನು ಮುಂದೂಡಿದ್ದೇನೆ.

ಇನ್ನು ಆ 360 ರೂಪಾಯಿಯ ಬಿಲ್ಲು. ಅದರಲ್ಲಿ ನಂಬರ್ ಸರಿಯಿದ್ದರೂ ಯಾಕೆ ಬಂದಿಲ್ಲ? ಅವರು ಫೋನ್ ಎತ್ತುತ್ತಿಲ್ಲ.

ಹಳೇ ಖಾತೆಪುಸ್ತಕ · 9:35

ಪೋರ್ಟಲ್‌ಗೆ ಲಾಗಿನ್ ಆಗದೆಯೇ Search Taxpayer ಎಂಬಲ್ಲಿ ಅವರ ನಂಬರ್ ಹಾಕಿ, Show Filing Table ಒತ್ತಿ. ಅವರು ಯಾವ ರಿಟರ್ನನ್ನು ಯಾವ ದಿನ ಸಲ್ಲಿಸಿದ್ದಾರೆ ಎಂಬುದು ಪಟ್ಟಿಯಾಗಿ ಬರುತ್ತದೆ. ಅವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಾಗಿದ್ದರೆ, ನಡುವಿನ ತಿಂಗಳಲ್ಲಿ ಬಿಲ್ಲನ್ನು ಪ್ರತ್ಯೇಕವಾಗಿ ಏರಿಸದಿದ್ದರೆ, ಅಕ್ಟೋಬರ್ ಬಿಲ್ಲು ನಿಮಗೆ ಕಾಣುವುದು ಜನವರಿ 14ಕ್ಕೆ. ಅದು ತಪ್ಪಲ್ಲ, ನಿಧಾನ ಅಷ್ಟೇ. ಈ ಆರ್ಥಿಕ ವರ್ಷದ ಬಿಲ್ಲುಗಳ ಕ್ರೆಡಿಟ್ ತೆಗೆದುಕೊಳ್ಳಲು ನಿಮಗೆ 2026ರ ನವೆಂಬರ್ 30ರವರೆಗೆ ಸಮಯವಿದೆ, ಅದಕ್ಕೆ ಮುಂಚೆ ವಾರ್ಷಿಕ ರಿಟರ್ನ್ ಸಲ್ಲಿಸಿದರೆ ಅಲ್ಲಿಯವರೆಗೆ ಮಾತ್ರ.

ಲಕ್ಷ್ಮೀ ಟ್ರೇಡರ್ಸ್ ಮಗ · 10:02

ಒಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಹಣ ಕೊಟ್ಟೆ, ಮಾಲು ತಂದೆ, ಬಿಲ್ಲು ಇದೆ, 2Bಯಲ್ಲೂ ಬಂದಿದೆ ಎಂದೇ ಇಟ್ಟುಕೊಳ್ಳಿ. ಆಮೇಲೆ ಮಾರಿದವನು ತನ್ನ 3B ಸಲ್ಲಿಸದೆ ತೆರಿಗೆ ಕಟ್ಟದೇ ಹೋದರೆ? ಆಗಲೂ ನನ್ನದೇ ತಲೆಯೇ?

ಹಳೇ ಖಾತೆಪುಸ್ತಕ · 10:30

ಹೌದು, ಸದ್ಯಕ್ಕೆ ನಿಮ್ಮದೇ. ಆರ್ಥಿಕ ವರ್ಷ ಮುಗಿದ ನಂತರದ ಸೆಪ್ಟೆಂಬರ್ 30ರವರೆಗೂ ಅವರು 3B ಸಲ್ಲಿಸದಿದ್ದರೆ, ನೀವು ನವೆಂಬರ್ 30ರೊಳಗೆ ಆ ಕ್ರೆಡಿಟ್ಟನ್ನು ಹಿಂದಿರುಗಿಸಬೇಕು. ಅವರು ಮುಂದೆಂದಾದರೂ ಸಲ್ಲಿಸಿದರೆ ಮತ್ತೆ ತೆಗೆದುಕೊಳ್ಳಬಹುದು. ಪ್ರಾಮಾಣಿಕವಾಗಿ ಹಣ ಕೊಟ್ಟ ಕೊಳ್ಳುವವನ ಮೇಲೆ ಇದನ್ನು ಹೊರಿಸುವುದು ಸರಿಯೇ ಎಂಬ ಬಗ್ಗೆ ಹೈಕೋರ್ಟ್‌ಗಳ ತೀರ್ಪುಗಳೂ ಒಂದೇ ದಿಕ್ಕಿನಲ್ಲಿಲ್ಲ.

ಲಕ್ಷ್ಮೀ ಟ್ರೇಡರ್ಸ್ ಮಗ · 10:34

ನನ್ನ ಪ್ರಕಾರ ಸರಿಯಲ್ಲ. ಕಳ್ಳನನ್ನು ಹಿಡಿಯುವುದು ಇಲಾಖೆಯ ಕೆಲಸ, ಅಂಗಡಿಯವನದ್ದಲ್ಲ. ನಾನು ಇನ್ನು ಮೇಲೆ ಮಾಲಿನ ಬೆಲೆ ಮಾತ್ರ ಕೊಟ್ಟು, ತೆರಿಗೆಯ ಭಾಗವನ್ನು 2Bಯಲ್ಲಿ ಕಂಡ ಮೇಲೆ ಕೊಡುತ್ತೇನೆ.

ಮಂಡಿಪೇಟೆ ಸಗಟು · 10:41

ದೊಡ್ಡ ಕಂಪನಿಗಳು ನಮಗೆ ಹಾಗೆಯೇ ಮಾಡುತ್ತವೆ, ನಾವು ಸಹಿಸಿಕೊಳ್ಳುತ್ತೇವೆ. ಎರಡು ಬಂಡಲ್ ವೈರು ಕೊಳ್ಳುವವರು ಹಾಗೆಂದರೆ ಮಾಲು ಗಾಡಿಯಿಂದ ಇಳಿಯುವುದೇ ಇಲ್ಲ.

ಸ್ವಿಚ್‌ಬೋರ್ಡ್ · 14 ಡಿಸೆಂಬರ್, ಸಂಜೆ 6:15

ಎಲ್ಲರ ಗಮನಕ್ಕೆ: ಇವತ್ತು 2B ತೆರೆದೆ. ಅಕ್ಟೋಬರ್ 18ರ ದಿನಾಂಕದ ಬಿಲ್ಲು, 50,000ದ ಎದುರು 4,500 ಮತ್ತು 4,500, ನನ್ನ ನಂಬರಿನ ಮೇಲೆಯೇ ಬಂದಿದೆ. ಮಂಡಿಪೇಟೆಯವರ ಮಾತು ಕೇಳಿ ಡಿಸೆಂಬರ್ 5ರಂದು ಫೋನ್ ಮಾಡಿದ್ದೆ. ಅವರ ಗುಮಾಸ್ತರು ನಿಜವಾಗಿಯೂ ಮರೆತಿದ್ದರು. ನವೆಂಬರ್ ಮಾರಾಟದ ಮೇಲೆ ನನ್ನ ತೆರಿಗೆ 7,200 ಆಗಿತ್ತು, ಈ ತಿಂಗಳು ಚಲನ್ ಕಟ್ಟುವುದೇ ಬೇಡವಂತೆ, ಮಿಕ್ಕ 1,800 ಲೆಡ್ಜರಿನಲ್ಲಿ ಉಳಿಯುತ್ತದೆಯಂತೆ. ಲೆಕ್ಕದವರು ಅದನ್ನು 3Bಯಲ್ಲಿ 4(A)(5) ಎಂಬ ಸಾಲಿಗೆ ತುಂಬಿ ತೋರಿಸಿದರು.

ಹೋಲ್ಡರ್, ಟೇಪಿನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರೇ. ಜುಲೈ–ಸೆಪ್ಟೆಂಬರ್‌ದನ್ನು ಇನ್ನೂ ಸಲ್ಲಿಸಿಲ್ಲ ಎಂದು ಆ ಪಟ್ಟಿ ತೋರಿಸುತ್ತಿದೆ. ಇದು ನಿಧಾನವೋ, ಬೇರೇನೋ?

ಕಾಫಿ ಪುಡಿ · 6:20

ಬೇರೇನೋ.

ಹಳೇ ಖಾತೆಪುಸ್ತಕ · 6:48

ಜನವರಿ 14ರವರೆಗೆ ಕಾಯಿರಿ. ಅಲ್ಲಿಯವರೆಗೆ ಹೋಲ್ಡರುಗಳನ್ನು ಬೇರೆ ಕಡೆ ತರಿಸಿ.